ಎಂಟು ಎಡಗೈ, ಒಬ್ಬ ಎಡಚಿ

ಚಪ್ಪಾಳೆ ಹೊಡೆಯುವುದಿದ್ದರೆ ಈಗಲೇ ಹೊಡೆದುಬಿಡಿ, ಆಮೇಲೆ ಪುರುಸೊತ್ತು ಸಿಗುವುದಿಲ್ಲ. ಯಾಕೆಂದರೆ ಇದು ಒಬ್ಬ ಮಹಾ ತಂತ್ರಗಾರನ ಕತೆ. ಕತ್ತಿ ಎತ್ತದೆ, ಬೆವರು ಸುರಿಸದೆ, ಒಂದೇ ಒಂದು ಹಾಳೆ ಕಾಗದದಿಂದ ಒಬ್ಬ ಹುಡುಗಿಯನ್ನು ತಂಡದೊಳಗೆ ಕೂರಿಸಿದವನ ಕತೆ. ಒಂಬತ್ತು ವಾರ ಮೊದಲೇ ಎಲ್ಲವನ್ನೂ ಕಂಡವನು ಅವನು. ಇಂಥ ತಲೆ ನೂರು ವರ್ಷಕ್ಕೊಂದು ಹುಟ್ಟುತ್ತದೆ ಎಂದು ಹೇಳುತ್ತಾರೆ. ಯಾರು ಹೇಳುತ್ತಾರೆ ಎಂದು ಕೇಳಬೇಡಿ. ಹೀರೋ ಎಂಟ್ರಿಗೆ ಇನ್ನೂ ಹೊತ್ತಿದೆ. ಮೊದಲು ಬೈಸಿಕೊಳ್ಳುವವರನ್ನೂ ಬೈಯುವವರನ್ನೂ ಪರಿಚಯ ಮಾಡಿಕೊಡುತ್ತೇನೆ.

ಬೈಯುವವರು ಮೇಡಂ. ಕತ್ತಿವರಸೆ ಕ್ಲಬ್ಬಿನ ಕೋಚು. ವಯಸ್ಸು ಐವತ್ತೆರಡು, ಎಡಮಂಡಿಗೆ ಪಟ್ಟಿ, ಕುತ್ತಿಗೆಯಲ್ಲಿ ಸೀಟಿ. ಕ್ಲಬ್ಬು ಅಂದರೆ ಏನೋ ಅಂದುಕೊಳ್ಳಬೇಡಿ. ಈಜುಕೊಳದ ಕಟ್ಟಡದ ಮೊದಲನೇ ಮಹಡಿಯಲ್ಲಿ ಒಂದು ಉದ್ದನೆಯ ಹಾಲ್. ಕೆಳಗಿನಿಂದ ಕ್ಲೋರಿನ್ ವಾಸನೆ, ಪಕ್ಕದ ಹಾಲಿನಿಂದ ಬಾಕ್ಸಿಂಗ್‌ನವರ ಚೀಲಕ್ಕೆ ಗುದ್ದುವ ಸದ್ದು. ಗೋಡೆಯ ಮೊಳೆಗಳಿಗೆ ಜಾಲರಿ ಮಾಸ್ಕುಗಳು ತೂಗುತ್ತಿರುತ್ತವೆ, ನೊಣದ ತಲೆಗಳ ಹಾಗೆ. ನೆಲದ ಮೇಲೆ ಆಡಲು ಎರಡು ಉದ್ದ ಪಟ್ಟಿ, ಅವುಗಳ ತುದಿಯಲ್ಲಿ ದೀಪದ ಡಬ್ಬ. ಕತ್ತಿಯ ಮೊನೆಯಲ್ಲಿ ಒಂದು ಚಿಕ್ಕ ಬಟನ್ ಇರುತ್ತದೆ, ಅಲ್ಲಿಂದ ಆಡುವವರ ತೋಳಿನೊಳಗೆ ಹಾದು ಡಬ್ಬದವರೆಗೆ ಒಂದು ವೈರು. ಎದುರಾಳಿಯ ಮೈಗೆ ಒತ್ತಿದರೆ ದೀಪ ಹತ್ತುತ್ತದೆ, ಬಜರ್ ಕಿರುಚುತ್ತದೆ. ಇವರು ಆಡುವ ಕತ್ತಿಗೆ ಮೈಯೆಲ್ಲ ಗುರಿ. ಹೆಬ್ಬೆರಳಿಗೆ ತಾಗಿದರೂ ಪಾಯಿಂಟು, ಶೂಗೆ ತಾಗಿದರೂ ಪಾಯಿಂಟು.

ಆ ಹಾಲಿನಲ್ಲಿ ಒಂಬತ್ತು ಜನ ಕಲಿಯುತ್ತಿದ್ದರು. ಎಂಟು ಜನ ಬಲಗೈ, ಒಬ್ಬಳು ಎಡಗೈ. ಅವಳೇ ಎಡಚಿ, ಮೇಡಂ ಅವರ ಅಕ್ಕನ ಮಗಳು, ವಯಸ್ಸು ಹತ್ತೊಂಬತ್ತು. ಹತ್ತು ವರ್ಷದಿಂದ ಅದೇ ಹಾಲು, ಅದೇ ವಾಸನೆ. ಬೆಳಿಗ್ಗೆ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ, ಸಂಜೆ ಕತ್ತಿ. ರಾಜ್ಯದ ಜೂನಿಯರ್ ಹುಡುಗಿಯರ ತಂಡದಲ್ಲಿ ನಾಲ್ಕು ಜಾಗ. ಮೂರು ಆಗಲೇ ತುಂಬಿದ್ದವು, ನಾಲ್ಕನೆಯದಕ್ಕೆ ಇನ್ನು ಒಂಬತ್ತು ವಾರಕ್ಕೆ ಆಯ್ಕೆ ಪಂದ್ಯ. ಈ ವರ್ಷ ತಪ್ಪಿದರೆ ಅವಳಿಗೆ ಜೂನಿಯರ್ ವಯಸ್ಸು ಮುಗಿಯಿತು. ಪ್ರೆಸ್ಸಿನ ಯಜಮಾನರು ಕೂಡ ಹೇಳಿಯಾಗಿತ್ತು: ತಂಡಕ್ಕೆ ಸೇರಿದರೆ ರಜೆ, ಇಲ್ಲದಿದ್ದರೆ ಸಂಜೆ ಶಿಫ್ಟು. ಸಂಜೆ ಶಿಫ್ಟು ಅಂದರೆ ಕತ್ತಿಗೆ ಕೊನೆಯ ನಮಸ್ಕಾರ.

ಅವಳಿಗೆ ಎಲ್ಲರನ್ನೂ ಹೊಡೆಯುವುದು ನೀರು ಕುಡಿದಷ್ಟು ಸುಲಭ, ಒಬ್ಬಳನ್ನು ಬಿಟ್ಟು. ಇನ್ನೊಂದು ಕ್ಲಬ್ಬಿನ ಹುಡುಗಿ, ಎಲ್ಲರೂ ಉದ್ದಗೈ ಎಂದು ಕರೆಯುತ್ತಿದ್ದರು. ಅವಳೂ ಎಡಗೈಯೇ. ಅವಳ ಎದುರು ನಮ್ಮ ಎಡಚಿ ಮೂರು ಸಲ ಆಡಿದ್ದಳು, ಮೂರೂ ಸಲ ಮಣ್ಣು ಮುಕ್ಕಿದ್ದಳು.

"ಭಯ," ಎನ್ನುತ್ತಿದ್ದರು ಮೇಡಂ. "ಅವಳ ಮುಖ ನೋಡಿದ್ರೆ ನಿನ್ನ ಕೈ ಕಟ್ಟಿ ಹೋಗುತ್ತೆ."

"ಮುಖ ಎಲ್ಲಿ ಕಾಣುತ್ತೆ ಚಿಕ್ಕಮ್ಮ? ಮಾಸ್ಕ್ ಇರುತ್ತಲ್ಲ."

"ಎದುರುತ್ತರ ಕೊಡೋದರಲ್ಲಿ ಮಾತ್ರ ಭಯ ಇಲ್ಲ."

ಈ ಭಯದ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಇನ್ನೊಬ್ಬ ಇದ್ದಾನೆ, ಡೈಲಾಗು. ಮೇಡಂ ಅವರ ಸ್ವಂತ ಮಗ, ಎಡಚಿಗಿಂತ ಒಂದು ವರ್ಷ ಚಿಕ್ಕವನು. ಕತ್ತಿವರಸೆಯಲ್ಲಿ ಸುಮಾರು, ಬಾಯಿವರಸೆಯಲ್ಲಿ ಚಾಂಪಿಯನ್. ಸಿನಿಮಾ ನೋಡಿ ನೋಡಿ ಅವನಿಗೆ ಸಾಧಾರಣ ಮಾತು ಮರೆತೇಹೋಗಿತ್ತು. ಊಟಕ್ಕೆ ಬಾ ಎಂದರೆ, "ಹಸಿದವನು ಬರ್ತಾನೆ ಅಮ್ಮ, ಆದ್ರೆ ಬಂದವನು ಹಸಿದಿರಲ್ಲ" ಎನ್ನುವ ಜಾತಿ. ಅರ್ಥ ಕೇಳಿದರೆ ಅವನಿಗೂ ಗೊತ್ತಿಲ್ಲ.

ಸೋಮವಾರ ಸಂಜೆ ಮೇಡಂ ಬೆಂಚಿನ ಮೇಲೆ ಕೂತು ಕತ್ತಿಯ ಮೊನೆ ಬಿಚ್ಚುತ್ತಿದ್ದರು. ಆ ಮೊನೆಯಲ್ಲಿ ಎರಡು ಸ್ಕ್ರೂ, ಒಂದೊಂದೂ ಎಳ್ಳುಕಾಳಿನಷ್ಟು. ಉಸಿರು ಬಿಗಿಹಿಡಿದು ಎರಡನೆಯದನ್ನು ಹೊರಗೆ ತೆಗೆದರು ಅನ್ನುವಾಗ ಬಾಗಿಲು ದಡಾರ್ ಎಂದಿತು.

"ಮೇಡಂ, ನಾವು ಇಷ್ಟು ವರ್ಷ ತಪ್ಪು ಕೈಯಲ್ಲಿ ಆಡ್ತಿದ್ವಿ."

ಸ್ಕ್ರೂ ಹಾರಿತು.

ಬಂದವರು ಕ್ಲಬ್ಬಿನ ಕಾರ್ಯದರ್ಶಿ. ಸರ್ಕಾರಿ ಕಚೇರಿಯಿಂದ ನಿವೃತ್ತರಾಗಿ ಆರು ವರ್ಷವಾದರೂ ಕಚೇರಿ ಅವರಿಂದ ನಿವೃತ್ತವಾಗಿರಲಿಲ್ಲ. ಕುಡಿಯುವ ನೀರಿನ ಲೋಟಕ್ಕೂ ಸುತ್ತೋಲೆ ಹೊರಡಿಸುವವರು. ಹಾಲಿನ ಬೀಗದ ಕೈ ಅವರ ಹತ್ತಿರ, ಪಂದ್ಯಕ್ಕೆ ಹೆಸರು ಕಳಿಸುವ ಕಾಗದಕ್ಕೆ ಸಹಿ ಅವರದು. ಆದ್ದರಿಂದ ಮೇಡಂ ಬೈಗುಳ ನುಂಗಿ ನೆಲದ ಮೇಲೆ ಮಂಡಿಯೂರಿ ಸ್ಕ್ರೂ ಹುಡುಕತೊಡಗಿದರು.

"ಇದು ಬೆಳಿಗ್ಗೆ ನನ್ನ ಮೇಜಿನ ಮೇಲಿತ್ತು," ಎಂದು ಕಾರ್ಯದರ್ಶಿ ಒಂದು ಹಾಳೆ ಹಿಡಿದರು. "ಯಾರೋ ಹಿತೈಷಿಗಳು ಇಟ್ಟಿದ್ದಾರೆ. ಓದ್ತೀನಿ, ಕೇಳಿ. ಜನರಲ್ಲಿ ಎಡಗೈಯವರು ಹತ್ತಕ್ಕೆ ಒಬ್ಬರು. ಆದರೆ ಕತ್ತಿವರಸೆಯ ಮೇಲಿನ ಸಾಲಿನಲ್ಲಿ ಕೆಲವು ಕಾಲದಲ್ಲಿ ಮೂರಕ್ಕೆ ಒಬ್ಬರು. ಬಾಕ್ಸಿಂಗ್‌ನಲ್ಲೂ ಲೆಕ್ಕಕ್ಕಿಂತ ಜಾಸ್ತಿ, ಟೆನಿಸ್‌ನಲ್ಲೂ ಜಾಸ್ತಿ. ಏನು ಅರ್ಥ?"

"ಸಾರ್, ಕಾಲು ಎತ್ತಿ. ಸ್ಕ್ರೂ ತುಳೀತೀರಿ."

ಕಾರ್ಯದರ್ಶಿ ಒಂದು ಕಾಲು ಎತ್ತಿಕೊಂಡೇ ಮುಂದುವರಿಸಿದರು. "ಎಡಗೈ ಗೆಲ್ಲುವ ಕೈ. ಮೆದುಳಿನ ಬಲಭಾಗ ಎಡಗೈಯನ್ನು ನಡೆಸುತ್ತೆ, ಅದು ಚುರುಕು. ಹಾಗಾಗಿ ಇವತ್ತಿನಿಂದ ನಮ್ಮ ಮಕ್ಕಳೆಲ್ಲ ಎಡಗೈ. ಸುತ್ತೋಲೆ ತಯಾರಿದೆ."

ಮೇಡಂ ನೆಲದಿಂದ ತಲೆ ಎತ್ತಿದರು. ಇಂಥ ಹೊತ್ತಿನಲ್ಲಿ ಮನುಷ್ಯ ನಗಬೇಕೋ ಸೀಟಿ ಊದಬೇಕೋ ಗೊತ್ತಾಗುವುದಿಲ್ಲ.

"ಸಾರ್, ಮೆದುಳು ಚುರುಕಾಗಿದ್ರೆ ಈಜೋದರಲ್ಲೂ ಅವರೇ ತುಂಬಿಕೊಂಡಿರ್ಬೇಕಿತ್ತು. ಜಿಮ್ನಾಸ್ಟಿಕ್ಸ್‌ನಲ್ಲೂ. ಅಲ್ಲಿ ಹಾಗೆ ಎದ್ದು ಕಾಣಲ್ಲ. ಯಾಕೆ?"

"ಯಾಕೆ?"

"ಅಲ್ಲಿ ಎದುರಾಳಿ ನಿಮ್ಮ ಕೈ ನೋಡಲ್ಲ. ಇಲ್ಲಿ ನೋಡ್ತಾನೆ. ನೀವು ದಿನಾ ಬೆಳಿಗ್ಗೆ ಟೆನಿಸ್ ಆಡ್ತೀರಲ್ಲ, ಆ ಹಲ್ಲಿನ ಡಾಕ್ಟ್ರ ಹತ್ರ ಯಾಕೆ ಸೋಲ್ತೀರಿ?"

ಇದು ಕಾರ್ಯದರ್ಶಿಗಳ ಹುಣ್ಣು. "ಆ ಮನುಷ್ಯನ ಸರ್ವಿಸ್ ಸರಿಯಿಲ್ಲ. ಚೆಂಡು ಉಲ್ಟಾ ತಿರುಗುತ್ತೆ. ನಾನು ಒಂದು ಕಡೆ ನಿಂತ್ರೆ ಅದು ನನ್ನ ಎಡಗಡೆಗೆ ಜಾರಿಕೊಂಡು ಹೋಗುತ್ತೆ, ಬ್ಯಾಕ್‌ಹ್ಯಾಂಡಿಗೆ."

"ಡಾಕ್ಟ್ರು ಎಡಗೈ. ಅವರ ಪ್ರಕಾರ ಅದು ಉಲ್ಟಾ ಅಲ್ಲ. ನೀವು ವಾರವಿಡೀ ಆರು ಜನ ಬಲಗೈಯವರ ಸರ್ವಿಸ್ ನೋಡ್ತೀರಿ, ಎಡಗೈಯವರದ್ದು ಒಬ್ಬರದ್ದು. ಅವರ ಜೊತೆ ಆಡೋರೆಲ್ಲ ಬಲಗೈಯವರೇ. ಅಂದ್ರೆ ನಿಮ್ಮಂಥವರ ಜೊತೆ ಅವರಿಗೆ ದಿನಾ ಅಭ್ಯಾಸ, ಅವರಂಥವರ ಜೊತೆ ನಿಮಗೆ ಅಪರೂಪ. ಅಷ್ಟೇ ಸಾರ್ ಗುಟ್ಟು. ಕೈಯಲ್ಲಿಲ್ಲ, ಅಪರೂಪದಲ್ಲಿದೆ. ಯೋಚನೆ ಮಾಡೋಕೆ ಪುರುಸೊತ್ತಿಲ್ಲದ ಆಟದಲ್ಲಿ ಕಣ್ಣಿಗೆ ಅಭ್ಯಾಸ ಇರೋದೇ ಕೈಗೆ ಬರೋದು. ಎಲ್ಲರೂ ಎಡಗೈ ಆದ್ರೆ ಯಾರಿಗೂ ಅದು ಹೊಸದಲ್ಲ. ಲಾಭ ಅಲ್ಲಿಗೆ ಮುಗೀತು."

ಪಕ್ಕದ ಹಾಲಿನ ಬಾಕ್ಸಿಂಗ್ ಸರ್ ಟವೆಲು ಹೆಗಲ ಮೇಲೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಕರೆಯದಿದ್ದರೂ ಮಾತಿಗೆ ಬಂದರು. "ಮೇಡಂ ಹೇಳೋದು ನಿಜ ಸಾರ್. ನಮ್ಮಲ್ಲಿ ಎಡಗೈಯವನು ಬಲಗಾಲು ಮುಂದೆ ಇಟ್ಟು ನಿಲ್ತಾನೆ. ನಮ್ಮ ಹುಡುಗರ ಎಡಗಾಲಿಗೆ ಅವನ ಕಾಲು ಗುದ್ದುತ್ತೆ. ಅಭ್ಯಾಸ ಇಲ್ಲದವನು ಕೆಳಗೆ ಕಾಲು ನೋಡ್ತಾನೆ. ಕಾಲು ನೋಡಿದವನ ಮೂತಿಗೆ ಬಂತು ಅಂತ ಲೆಕ್ಕ."

ಕಾರ್ಯದರ್ಶಿ ಎತ್ತಿದ್ದ ಕಾಲು ಇಳಿಸಿದರು. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. "ನೀವಿಬ್ಬರೂ ಹಳೇ ಕಾಲದವರು. ಮೂರಕ್ಕೆ ಒಬ್ಬರು ಅಂತ ಅಚ್ಚಾಗಿದೆ ಮೇಡಂ. ಅಚ್ಚು. ಸುತ್ತೋಲೆ ಒಪ್ಪದಿದ್ರೆ ಪಂದ್ಯದ ಕಾಗದಕ್ಕೆ ನನ್ನ ಸಹಿ ಇಲ್ಲ. ಯಾರ ಹೆಸರೂ ಹೋಗಲ್ಲ."

ಯಾರ ಹೆಸರೂ ಅಂದರೆ ಎಡಚಿಯ ಹೆಸರೂ. ಮೇಡಂ ಎದ್ದರು. ಹಾಳೆಯನ್ನು ಕೈಗೆ ತೆಗೆದುಕೊಂಡು ಒಂದು ಸಲ ನೋಡಿದರು. ಕೆಳಗಿನ ಅಂಚು ಇಲಿ ಕಡಿದ ಹಾಗೆ ಓರೆಕೋರೆಯಾಗಿತ್ತು. ಆ ಹೊತ್ತಿನಲ್ಲಿ ಅದನ್ನು ಯೋಚಿಸುವ ತಾಳ್ಮೆ ಯಾರಿಗಿತ್ತು? ಸ್ಕ್ರೂ ಕಾರ್ಯದರ್ಶಿಯ ಶೂ ಅಡಿಯಲ್ಲಿ ಅಂಟಿಕೊಂಡು ಹೊರಟೇಹೋಗಿತ್ತು.

ಮಾರನೆಯ ವಾರ ಒಂದು ಪೆಟ್ಟಿಗೆ ಬಂತು. ಎಂಟು ಎಡಗೈ ಗ್ಲೌಸು. ಕತ್ತಿವರಸೆಯಲ್ಲಿ ಗ್ಲೌಸು ಕತ್ತಿ ಹಿಡಿಯುವ ಕೈಗೆ ಮಾತ್ರ, ಹಾಗಾಗಿ ಎಂಟೂ ಒಂದೇ ಕಡೆಯವು. ಬೆರಳಿನ ಅಚ್ಚು ಇರುವ ಹಿಡಿಕೆಗಳನ್ನೂ ಎಡಗೈಯವೇ ಹಾಕಿಸಬೇಕಾಯಿತು. ಜಾಕೆಟ್ಟಿನ ಜಿಪ್ಪು ಕತ್ತಿಯಿಲ್ಲದ ಕೈಯ ಬದಿಗೆ ಇರಬೇಕು, ಇಲ್ಲದಿದ್ದರೆ ಮೊನೆ ಜಿಪ್ಪಿಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕಾಗಿ ಜಿಲ್ಲಾ ಸಂಘದವರ ಕೈಕಾಲು ಹಿಡಿದು ಹಳೆಯ ಜಾಕೆಟ್ಟು ತಂದರು. ಎಲ್ಲದಕ್ಕೂ ಓಡಾಡಿದ್ದು ಮೇಡಂ, ಪಟ್ಟಿ ಕಟ್ಟಿದ ಮಂಡಿಯಲ್ಲಿ. ಸಹಿ ಹಾಕಿದ್ದು ಕಾರ್ಯದರ್ಶಿ, ಫ್ಯಾನಿನ ಕೆಳಗೆ.

ಆಮೇಲಿನ ಮೂರು ವಾರ ಹಾಲಿನಲ್ಲಿ ನಡೆದದ್ದನ್ನು ಕತ್ತಿವರಸೆ ಎಂದು ಕರೆದರೆ ಕತ್ತಿ ಮಾನನಷ್ಟ ಮೊಕದ್ದಮೆ ಹಾಕೀತು. ಎಂಟು ಜನ ಹಠಾತ್ತನೆ ಚಮಚ ಹಿಡಿಯಲು ಬಾರದ ಮಕ್ಕಳಾಗಿಬಿಟ್ಟರು. ಒಬ್ಬ ಮುನ್ನುಗ್ಗುವಾಗ ತಪ್ಪು ಕಾಲು ಮುಂದಿಟ್ಟು ತನ್ನದೇ ವೈರು ತೊಡರಿ ನೆಲಕ್ಕೆ ನಮಸ್ಕಾರ ಮಾಡಿದ. ಇನ್ನೊಬ್ಬಳು ಅಭ್ಯಾಸಬಲದಿಂದ ವೈರನ್ನು ಬಲತೋಳಿನೊಳಗೆ ಎಳೆದುಕೊಂಡು, ಎಡಗೈಯ ಕತ್ತಿಗೆ ಸಿಕ್ಕಿಸಲು ಹೋಗಿ ತನ್ನನ್ನೇ ಪಾರ್ಸಲ್ ಮಾಡಿಕೊಂಡಳು. ಮೇಡಂ ಸೀಟಿ ಊದಿ ಊದಿ ಸೀಟಿಯೊಳಗಿನ ಕಾಳು ಒಡೆಯಿತು.

"ಬಲಗಾಲು ಹಿಂದೆ ಅಂದೆ. ಅದು ಬಲಗಾಲಾ?"

"ನಿನ್ನೆವರೆಗೆ ಆಗಿತ್ತು ಮೇಡಂ."

"ನಿಮ್ಮನ್ನೆಲ್ಲ ಕಟ್ಕೊಂಡು ನಾನು ಏಗಿದ ಹಾಗೇ ಇದೆ."

ಡೈಲಾಗು ಮಾತ್ರ ಎಡಗೈಗೆ ಹೊಸ ಗ್ಲೌಸು ಏರಿಸಿ, ಕತ್ತಿಯನ್ನು ಛಾವಣಿಗೆ ಎತ್ತಿ ನಿಂತ. "ಕತ್ತಿ ಹಿಡಿದ ಕೈ ಯಾವುದು ಅಂತ ಕೇಳ್ಬೇಡಿ. ಆ ಕೈ ನೋಡಿ ನಡುಗಿದ ಎದೆ ಯಾವುದು ಅಂತ ಕೇಳಿ."

"ಮೊದಲು ಕತ್ತಿ ನೆಟ್ಟಗೆ ಹಿಡಿ, ದಂಡಪಿಂಡ," ಎಂದರು ಮೇಡಂ. "ಟ್ಯೂಬ್‌ಲೈಟ್ ಒಡೀತೀಯ."

ಆದರೂ ಒಂದು ಒಪ್ಪಿಕೊಳ್ಳಲೇಬೇಕು, ಅವನು ಕಲಿತ. ಬೇರೆಯವರು ಮನೆಗೆ ಹೋದ ಮೇಲೂ ಗೋಡೆಗೆ ತೂಗುಹಾಕಿದ ಚೆಂಡಿಗೆ ಎಡಗೈಯಲ್ಲಿ ಚುಚ್ಚುತ್ತ ನಿಲ್ಲುತ್ತಿದ್ದ. ಮಗ ಇಷ್ಟು ಶ್ರದ್ಧೆ ತೋರಿಸಿದ್ದನ್ನು ಮೇಡಂ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಜ್ವರ ಇದೆಯಾ ಎಂದು ಹಣೆ ಮುಟ್ಟಿ ನೋಡಿದರು.

ನಾಲ್ಕನೇ ವಾರ ಎಡಚಿ ಮಾಸ್ಕು ಕಿತ್ತು ಬೆಂಚಿನ ಮೇಲೆ ಎಸೆದಳು. ಡೈಲಾಗಿನ ಜೊತೆ ಹದಿನೈದು ಪಾಯಿಂಟಿನ ಆಟ ಮುಗಿದಿತ್ತು. ಮುಂಚೆ ಅವನನ್ನು ಹದಿನೈದು-ಐದಕ್ಕೆ ಮುಗಿಸಿ ನೀರು ಕುಡಿಯಲು ಹೋಗುತ್ತಿದ್ದವಳು, ಈಗ ಹದಿನೈದು-ಹನ್ನೆರಡು.

"ಇದು ಆಟಾನಾ ಚಿಕ್ಕಮ್ಮ? ಇವನ ಕೈ ಇಲ್ಲಿರ್ಬೇಕಿತ್ತು, ಅಲ್ಲಿದೆ. ನನ್ನ ಹೊಡೆತ ಹೊಡೆಯೋಕೆ ಜಾಗವೇ ಇಲ್ಲ."

ಅವಳ ಹೊಡೆತ ಏನೆಂದು ಹೇಳುತ್ತೇನೆ, ಸಲೀಸಾಗಿದೆ. ಕತ್ತಿಯ ಹಿಡಿಕೆಯ ಮುಂದೆ ಬಟ್ಟಲಿನಂಥ ಒಂದು ಕಾಪು ಇರುತ್ತದೆ, ಕೈಯನ್ನು ಮುಚ್ಚುವುದು ಅದೇ. ಬಲಗೈಯವನು ಹತ್ತು ವರ್ಷ ಬಲಗೈಯವರ ಜೊತೆ ಆಡಿ ಆಡಿ, ಅವರ ಮೊನೆ ಬರುವ ದಿಕ್ಕಿಗೆ ಆ ಬಟ್ಟಲನ್ನು ಹಿಡಿದು ಅಭ್ಯಾಸ ಮಾಡಿಕೊಂಡಿರುತ್ತಾನೆ. ಎಡಗೈಯವಳ ಮೊನೆ ಇನ್ನೊಂದು ಬದಿಯಿಂದ, ಅಂದರೆ ಮುಂಗೈಯ ಹೊರಗಡೆಯಿಂದ ಬರುತ್ತದೆ. ಬಟ್ಟಲು ಒಂದು ಕಡೆ, ಮಣಿಕಟ್ಟು ಇನ್ನೊಂದು ಕಡೆ ಬಯಲಿಗೆ. ಎಡಚಿ ಅಲ್ಲಿಗೇ ಕೊಕ್ಕೆ ಹಾಕಿದ ಹಾಗೆ ಚುಚ್ಚುತ್ತಿದ್ದಳು. ಹತ್ತರಲ್ಲಿ ಒಂಬತ್ತು ಎದುರಾಳಿಗಳಿಗೆ ಅದೊಂದೇ ಸಾಕು. ಆದರೆ ಇಬ್ಬರೂ ಎಡಗೈ ಆದಾಗ ಆ ಹೊರಬದಿ ದೂರ ಹೋಗಿಬಿಡುತ್ತದೆ. ಕೊಕ್ಕೆ ಹಾಕಿದರೆ ಸಿಗುವುದು ಖಾಲಿ ಗಾಳಿ ಅಥವಾ ಬಟ್ಟಲಿನ ಟಣ್ ಎನ್ನುವ ಸದ್ದು.

"ಕನ್ನಡಿ ಜೊತೆ ಜಗಳ ಆಡಿದ ಹಾಗೆ," ಎಂದಳು ಎಡಚಿ. "ನಾನು ಇವನ ಥರ ಇದ್ರೆ ನನ್ನನ್ನ ನಾನೇ ಸಹಿಸ್ತಿರ್ಲಿಲ್ಲ."

"ಅಕ್ಕ, ಸೋಲೋಕೆ ಹತ್ತಿರ ಬಂದವರ ಕಣ್ಣಲ್ಲಿ ನೀರು ಚೆಂದ," ಎಂದ ಡೈಲಾಗು.

"ಹನ್ನೆರಡು ಹೊಡೆದು ಹದಿನೈದು ತಿಂದಿದ್ದೀಯ. ಬಾಯಿ ಮುಚ್ಚು."

ಮೇಡಂ ತಲೆಯ ಮೇಲೆ ಕೈಹೊತ್ತು ಕೂತರು. ಇನ್ನು ಐದು ವಾರ. ಇರುವ ಒಂದು ಚಿನ್ನದಂಥ ಆಟಗಾರ್ತಿಯ ಕೈಯನ್ನೂ ಈ ಸುತ್ತೋಲೆ ಕೆಡಿಸುತ್ತಿದೆ ಎಂದು ಅವರ ರಕ್ತ ಕುದಿಯಿತು. ಬಲಗೈಯವರೊಂದಿಗಿನ ಅಭ್ಯಾಸ ತಪ್ಪಬಾರದೆಂದು ಪ್ರೆಸ್ಸಿಗೆ ಹೋಗುವ ಮುಂಚೆ, ಬೆಳಿಗ್ಗೆ ಆರಕ್ಕೆ, ತಾವೇ ಬಲಗೈಯಲ್ಲಿ ಕತ್ತಿ ಹಿಡಿದು ಅವಳ ಎದುರು ನಿಲ್ಲತೊಡಗಿದರು. ಮಂಡಿ ಊದಿಕೊಂಡಿತು. ಕಾರ್ಯದರ್ಶಿಯ ಹೆಸರು ಹೇಳಿ ಐಸು ಇಟ್ಟುಕೊಂಡರು.

ಸಂಜೆ ಮಾತ್ರ ಮತ್ತೆ ಅದೇ ಎಂಟು ಎಡಗೈ. ಎಡಚಿ ದಿನಾ ಬೈದಳು, ದಿನಾ ಆಡಿದಳು. ಆರನೇ ವಾರ ಅವಳ ಕೊಕ್ಕೆ ಕಡಿಮೆಯಾಯಿತು. ಏಳನೇ ವಾರ ಅವಳು ಕೈಯನ್ನು ಒಂದಿಷ್ಟು ಒಳಕ್ಕೆ ಸರಿಸಿ, ಎದುರಿನ ಕತ್ತಿಯನ್ನು ಒಳಗಡೆಯಿಂದ ಒತ್ತಿ ನೇರ ತೋಳಿಗೆ ಹೋಗುವುದನ್ನು ಕಲಿತಳು. ಎದುರಾಳಿ ಕೈ ಎತ್ತಿದರೆ ಬಟ್ಟಲಿನ ಕೆಳಗಿನಿಂದ ಮಣಿಕಟ್ಟು, ಮುಂದೆ ಬಾಗಿದರೆ ಶೂ. ಯಾರೂ ಹೇಳಿಕೊಟ್ಟದ್ದಲ್ಲ. ಬೇರೆ ದಾರಿಯೇ ಇರಲಿಲ್ಲ. ಎಂಟನೇ ವಾರ ಡೈಲಾಗು ಮತ್ತೆ ಹದಿನೈದು-ಆರಕ್ಕೆ ಇಳಿದ. ಆ ಸಂಜೆ ಅವನ ಬಾಯಿಂದ ಒಂದೂ ಡೈಲಾಗು ಬರಲಿಲ್ಲ. ಮೇಡಂ ಅದನ್ನು ಗಮನಿಸಲಿಲ್ಲ. ಅವರು ಬಲಗೈ ಹಿಡಿಕೆಗಳನ್ನು ಯಾವ ಪೆಟ್ಟಿಗೆಯಲ್ಲಿ ಇಟ್ಟೆ ಎಂದು ಹುಡುಕುತ್ತಿದ್ದರು.

ಆಯ್ಕೆಯ ದಿನ ಬಂತು. ದೊಡ್ಡ ಒಳಾಂಗಣ, ಹನ್ನೆರಡು ಪಟ್ಟಿ, ಎಲ್ಲ ಕಡೆಯಿಂದ ಬಜರ್. ಕಾರ್ಯದರ್ಶಿ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಗ್ಯಾಲರಿಯ ಮೊದಲ ಸಾಲಿನಲ್ಲಿ ಕೂತರು. "ಎಂಟು ಎಡಗೈ, ಒಬ್ಬ ಎಡಚಿ. ಒಟ್ಟು ಒಂಬತ್ತು ಎಡಗೈ ಒಂದೇ ಕ್ಲಬ್ಬಿನಿಂದ," ಎಂದು ಪಕ್ಕದವರಿಗೆ ತಿಳಿಸಿದರು. ಪಕ್ಕದವರು ದೂರ ಸರಿದು ಕೂತರು.

ಮೊದಲ ಸುತ್ತಿನಲ್ಲಿ ಐದೈದು ಪಾಯಿಂಟಿನ ಆಟ. ಕ್ಲಬ್ಬಿನ ಎಂಟು ಹೊಸ ಎಡಗೈಗಳು ಮಧ್ಯಾಹ್ನದ ಊಟಕ್ಕೆ ಮೊದಲೇ ಮನೆಗೆ ಹೋಗಲು ಅರ್ಹತೆ ಪಡೆದವು. ಅವರಲ್ಲೊಬ್ಬ ಸೋತದ್ದು ಹದಿಮೂರು ವರ್ಷದ ಹುಡುಗನ ಕೈಲಿ, ಐದು-ಸೊನ್ನೆ. ಎಡಗೈ ಅಪರೂಪ ಎಂದು ಎದುರಾಳಿ ಒಂದು ಕ್ಷಣ ತಬ್ಬಿಬ್ಬಾದದ್ದು ನಿಜ, ಆದರೆ ಒಂಬತ್ತು ವಾರದ ಎಡಗೈ ಆ ಕ್ಷಣವನ್ನು ಹಿಡಿಯುವಷ್ಟು ಬೇಗ ಏಳಲಿಲ್ಲ. ಅದಕ್ಕಿಂತ ಹೀನಾಯವಾದದ್ದು ಇನ್ನೊಂದು.

"ಮೇಡಂ, ಅವನು ಬಲಗೈ," ಎಂದ ಡೈಲಾಗು, ಮಾಸ್ಕು ತೆಗೆದು, ಯಾರೋ ಮೋಸ ಮಾಡಿದ ಹಾಗೆ. "ಕತ್ತಿ ಎಲ್ಲಿಂದ ಬರುತ್ತೆ ಅಂತಾನೇ ಗೊತ್ತಾಗ್ಲಿಲ್ಲ."

"ಲೋಕದಲ್ಲಿ ಎಲ್ಲರೂ ಬಲಗೈಯೇ ಕಣೋ. ನೀನೂ ಬಲಗೈಯೇ."

"ಎರಡು ತಿಂಗಳಿಂದ ಒಬ್ಬ ಬಲಗೈಯವನನ್ನೂ ನೋಡಿಲ್ಲ ಮೇಡಂ."

ಮೇಡಂ ಗೋಡೆಗೆ ತಲೆ ಆನಿಸಿದರು. ಅಪರೂಪವಾಗಲು ಹೊರಟವರು, ತಮ್ಮ ಕಣ್ಣಿಗೆ ಇಡೀ ಲೋಕವನ್ನೇ ಅಪರೂಪ ಮಾಡಿಕೊಂಡಿದ್ದರು. ಇದನ್ನು ಕಾರ್ಯದರ್ಶಿಗೆ ವಿವರಿಸಲು ಇನ್ನೊಂದು ಜನ್ಮ ಬೇಕು.

ಎಡಚಿ ಮಾತ್ರ ಒಂದೊಂದೇ ಬಲಗೈಯನ್ನು ಕೊಕ್ಕೆಯಲ್ಲಿ ಎತ್ತಿ ಆಚೆಗಿಟ್ಟಳು. ಬೆಳಗಿನ ಆರು ಗಂಟೆ, ಮೇಡಂ ಅವರ ಮಂಡಿ, ಎರಡೂ ಸಾರ್ಥಕವಾದವು. ಸಂಜೆ ನಾಲ್ಕಕ್ಕೆ ಕೊನೆಯ ಜಾಗಕ್ಕೆ ಇಬ್ಬರು ಉಳಿದರು. ಆ ಕಡೆ ಉದ್ದಗೈ. ವಿಧಿ ಎನ್ನಿ, ಚಿತ್ರಕತೆ ಎನ್ನಿ.

"ಭಯ ಬೀಳಬೇಡ," ಎಂದರು ಮೇಡಂ, ಅವಳ ವೈರು ಸಿಕ್ಕಿಸುತ್ತ. ಸಿಕ್ಕಿಸಿದ್ದನ್ನೇ ಬಿಚ್ಚಿ ಇನ್ನೊಮ್ಮೆ ಸಿಕ್ಕಿಸಿದರು.

"ಭಯ ಇಲ್ಲ ಚಿಕ್ಕಮ್ಮ. ಸಿಟ್ಟಿದೆ. ಎರಡು ತಿಂಗಳು ಆ ಎಂಟು ಕೋತಿಗಳ ಜೊತೆ ಆಡಿ ನನ್ನ ತಲೆ ಕೆಟ್ಟಿದೆ."

ಮೊದಲ ಪಾಯಿಂಟು ಉದ್ದಗೈಗೆ. ಎಡಚಿ ಹಳೆಯ ಚಾಳಿಯಲ್ಲಿ ಕೊಕ್ಕೆ ಹಾಕಿದಳು, ಟಣ್, ಎದೆಗೆ ಬಂತು. ಮೇಡಂ ಕಣ್ಣು ಮುಚ್ಚಿಕೊಂಡರು. ಎರಡನೆಯ ಸಲ ಎಡಚಿ ಕೈ ಒಳಕ್ಕೆ ಸರಿಸಿದಳು, ಒತ್ತಿದಳು, ನೇರ ಹೋದಳು. ದೀಪ ಇವಳದು. ಮೂರನೆಯದು ಶೂಗೆ. ಉದ್ದಗೈ ಕೆಳಗೆ ನೋಡಿದಳು, ಯಾರೋ ಕಾಲು ತುಳಿದ ಹಾಗೆ. ನಾಲ್ಕನೆಯ ಸಲ ಉದ್ದಗೈಯೇ ಕೊಕ್ಕೆ ಹಾಕಿದಳು, ಗಾಳಿಗೆ.

ಆಗ ಮೇಡಂ ಬೆಂಚಿನಿಂದ ಎದ್ದು ನಿಂತರು. ಉದ್ದಗೈ ಕೊಕ್ಕೆ ಹಾಕಿದ್ದನ್ನು ಅವರು ಮುಂಚೆ ಮೂರು ಪಂದ್ಯದಲ್ಲೂ ನೋಡಿದ್ದರು, ಕಂಡಿರಲಿಲ್ಲ. ಆ ಹುಡುಗಿಗೂ ಎಡಗೈಯವರ ಜೊತೆ ಅಭ್ಯಾಸವಿಲ್ಲ. ಅವಳ ಕ್ಲಬ್ಬಿನಲ್ಲೂ ಅವಳೊಬ್ಬಳೇ. ಮೂರು ಸಲ ಗೆದ್ದದ್ದು ತೋಳು ನಾಲ್ಕು ಬೆರಳು ಉದ್ದ ಇದ್ದದ್ದಕ್ಕೆ. ಮತ್ತೆ ಇವಳು? ಇವಳು ಸೋತದ್ದು ಭಯದಿಂದಲ್ಲ. ಹತ್ತು ವರ್ಷ ಎಂಟು ಬಲಗೈಗಳ ನಡುವೆ ಒಂದೇ ಒಂದು ಎಡಗೈಯನ್ನೂ ನೋಡದೆ ಬೆಳೆದದ್ದರಿಂದ. ಕಾರ್ಯದರ್ಶಿಗೆ, ಹಲ್ಲಿನ ಡಾಕ್ಟರನ್ನು ಮುಂದಿಟ್ಟುಕೊಂಡು, ಮಂಡಿಯೂರಿ ಪಾಠ ಹೇಳಿದ ಮೇಡಂ ಅದೇ ಪಾಠವನ್ನು ತಮ್ಮ ಅಕ್ಕನ ಮಗಳಿಗೆ ಒಂದು ಸಲವೂ ಅನ್ವಯಿಸಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಇಲ್ಲಿ ಬುಡದಲ್ಲಿ ಇಡೀ ಅಮಾವಾಸ್ಯೆ.

ಹದಿನೈದು-ಹನ್ನೊಂದು. ಎಡಚಿ ಮಾಸ್ಕು ತೆಗೆದು, ಕತ್ತಿಯಿಂದ ವಂದಿಸಿ, ಕೈ ಕುಲುಕಿ, ನೇರ ಬಂದು ಮೇಡಂ ಭುಜಕ್ಕೆ ಹಣೆ ಒತ್ತಿದಳು.  ಮೊದಲು ಮಾತಾಡಿದ್ದು ಕಾರ್ಯದರ್ಶಿ.

"ನೋಡಿದ್ರಾ ಮೇಡಂ. ಸುತ್ತೋಲೆ."

"ಸಾರ್, ಎಂಟು ಜನ ಊಟಕ್ಕೆ ಮುಂಚೆ ಸೋತಿದ್ದಾರೆ."

"ಒಬ್ಬಳು ಗೆದ್ದಳಲ್ಲ. ಎಡಗೈಯಲ್ಲೇ ಗೆದ್ದಳಲ್ಲ."

"ಅವಳು ಹುಟ್ಟಾ ಎಡಗೈ ಸಾರ್. ಅವಳಿಗೆ ಸುತ್ತೋಲೆ ಬೇಕಿರ್ಲಿಲ್ಲ."

"ಹಾಗಾದ್ರೆ ಮುಂಚೆ ಮೂರು ಸಲ ಯಾಕೆ ಸೋತಳು?"

ಮೇಡಂ ಸಿಕ್ಕಿಬಿದ್ದರು. ನಿಜ ಹೇಳಿದರೆ ಸುತ್ತೋಲೆಯಿಂದಲೇ ಗೆದ್ದಳು ಎಂದಾಗುತ್ತದೆ. ಸುಳ್ಳು ಹೇಳಲು ಮನಸ್ಸಿಲ್ಲ. ಜೀವನದಲ್ಲಿ ಇಷ್ಟು ತಪ್ಪು ಕಾರಣಕ್ಕೆ ಇಷ್ಟು ಸರಿಯಾದ ಮನುಷ್ಯನನ್ನು ಅವರು ಕಂಡಿರಲಿಲ್ಲ.  "ಸಾರ್, ನಾಳೆಯಿಂದ ಎಲ್ಲರೂ ಬಲಗೈ. ವಾರಕ್ಕೆ ಒಂದು ದಿನ ಮಾತ್ರ ಎಡ. ಅದಕ್ಕೂ ಒಂದು ಸುತ್ತೋಲೆ ಹೊರಡಿಸಿ," ಎಂದರು. ಕಾರ್ಯದರ್ಶಿ ಸಂತೋಷದಿಂದ ಪೆನ್ನು ತೆಗೆದರು.

ಕತೆ ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಆ ರಾತ್ರಿ ಬಟ್ಟೆ ಒಗೆಯಲೆಂದು ಮೇಡಂ ಮಗನ ಕಿಟ್ ಬ್ಯಾಗು ಸುರಿದರು. ಒಳಗಿನಿಂದ ಅರ್ಧ ಹಾಳೆ ಬಿತ್ತು, ಮೇಲಿನ ಅಂಚು ಇಲಿ ಕಡಿದಂತೆ. ಅದರಲ್ಲಿ ಹೀಗಿತ್ತು: ಈ ಅನುಕೂಲ ಇರುವುದು ಅವರು ಕಡಿಮೆ ಜನ ಇರುವವರೆಗೆ ಮಾತ್ರ. ಹೆಚ್ಚಾದಷ್ಟೂ ಎದುರಾಳಿಗಳಿಗೆ ರೂಢಿಯಾಗಿ ಅದು ಕರಗುತ್ತದೆ.

"ಏನೋ ಇದು?" ಎಂದರು ನಮ್ಮಮ್ಮ.

ಹೌದು, ನಮ್ಮಮ್ಮ. ಆ ಡೈಲಾಗು ನಾನೇ. ಮೇಡಂ ಮನಸ್ಸಿನಲ್ಲಿ ಏನಿತ್ತು ಎಂದು ಇಷ್ಟು ಹೊತ್ತು ಹೇಗೆ ಹೇಳಿದೆ ಅಂದರೆ, ಅದೆಲ್ಲವನ್ನೂ ಆ ರಾತ್ರಿ ಒಂದೊಂದಾಗಿ ಬೈಗುಳದ ರೂಪದಲ್ಲಿ ಕೇಳಿಸಿಕೊಂಡಿದ್ದೇನೆ.

ಮಹಾ ತಂತ್ರಗಾರ ಅಂದೆನಲ್ಲ, ಒಂಬತ್ತು ವಾರ ಮೊದಲೇ ಕಂಡವನು ಅಂದೆನಲ್ಲ, ಅದು ಸುಳ್ಳು. ಯಾವುದೋ ಪತ್ರಿಕೆಯ ಹಾಳೆಯನ್ನು ಎರಡಾಗಿ ಹರಿದು, ಮೇಲಿನ ಅರ್ಧ ಮಾತ್ರ ಕಾರ್ಯದರ್ಶಿಯ ಮೇಜಿನ ಮೇಲೆ ಇಟ್ಟದ್ದು ನಾನೇ, ಅದೊಂದು ನಿಜ. ಆದರೆ ಅಕ್ಕ ಗೆಲ್ಲಲಿ ಅಂತ ಅಲ್ಲ. ಆರು ವರ್ಷದಿಂದ ದಿನಾ ಸಂಜೆ ಅವಳ ಕೊಕ್ಕೆ ನನ್ನ ಮಣಿಕಟ್ಟಿಗೆ ಬೀಳುತ್ತಿತ್ತು. ಮನೆಯಲ್ಲಿ ಊಟಕ್ಕೆ ಕೂತರೆ ಅಮ್ಮನ ಬಾಯಲ್ಲಿ ಅವಳದೇ ಮಾತು. ಕೆಳಗಿನ ಅರ್ಧ ನಾನು ಓದಿದ್ದೆ, ಚೆನ್ನಾಗಿ ಅರ್ಥವೂ ಆಗಿತ್ತು. ಎಲ್ಲರೂ ಎಡಗೈಯಾದರೆ ಅವಳ ಸೊಕ್ಕು ಇಳಿಯುತ್ತದೆ, ಒಂದು ಸಲವಾದರೂ ನಾನು ಗೆಲ್ಲುತ್ತೇನೆ ಎಂದು ಮಾಡಿದ್ದು. ಅದಕ್ಕೇ ಒಬ್ಬನೇ ನಿಂತು ಚೆಂಡಿಗೆ ಚುಚ್ಚಿದ್ದು. ಉದ್ದಗೈಯ ನೆನಪೇ ನನಗಿರಲಿಲ್ಲ. ಅಕ್ಕನ ಕೈ ಕೆಟ್ಟು ಜಾಗ ಹೋಗಬಹುದು ಎಂದು ಒಮ್ಮೆ ಅನಿಸಿತ್ತು, ಅನಿಸಿದ ಮೇಲೂ ಸುಮ್ಮನಿದ್ದೆ.

ಅರ್ಧ ಹಾಳೆಯನ್ನು ಅಮ್ಮ ಅಕ್ಕನಿಗೆ ಕೊಟ್ಟರು. ಅವಳು ಪೂರ್ತಿ ಓದಿ, ಮಡಚಿ, ನನ್ನ ಜೇಬಿಗೇ ಇಟ್ಟಳು. "ನಾಳೆ ಬಲಗೈ ಗ್ಲೌಸ್ ತಗೊಂಡು ಬಾ," ಎಂದಳು.

ಇಲ್ಲಿಯವರೆಗೆ ನಾನು ಅವಳನ್ನು ಒಂದು ಸಲವೂ ಸೋಲಿಸಿಲ್ಲ. ಹದಿನೈದು-ಹನ್ನೆರಡೇ ನನ್ನ ದಾಖಲೆ.